ರಕ್ತ ಹರಿಯದ ಜಾಗದ ಗಾಯ

ಆಗಷ್ಟೇ ಕಡಿದ ಕುರಿಯ ಕಾಲಿನ ಮಂಡಿಗಂಟನ್ನು ಬಿಡಿಸಿ ನೋಡಿದವರಿಗೆ ಮೂಳೆಯ ತುದಿಯಲ್ಲಿ ಒಂದು ಹೊಳಪು ಕಂಡಿರುತ್ತದೆ. ತುಸು ನೀಲಿ ಛಾಯೆಯ ಬಿಳುಪು. ಬೆರಳಿಟ್ಟರೆ ನಿಲ್ಲದಷ್ಟು ಜಾರು. ಉಗುರಿನಿಂದ ಒತ್ತಿದರೆ ಕೊಂಚ ತಗ್ಗಿದಂತಾಗಿ, ಉಗುರು ತೆಗೆದ ಸ್ವಲ್ಪ ಹೊತ್ತಿಗೆ ಮೊದಲಿನಂತೆ ಸಮವಾಗುತ್ತದೆ. ಹರಿತವಾದ ಚಾಕುವಿನಿಂದ ಆ ಪದರವನ್ನು ತೆಳ್ಳಗೆ ಸೀಳಿದರೆ ಒಂದು ಹನಿ ರಕ್ತವೂ ಬರುವುದಿಲ್ಲ, ನಾಳದ ಒಂದು ಗೆರೆಯೂ ಕಾಣುವುದಿಲ್ಲ. ಚಾಕು ಇನ್ನೂ ಕೆಳಗಿಳಿದು ಮೂಳೆಗೆ ತಾಗಿದಾಗಲೇ ಕೆಂಪು ಕಾಣಿಸಿಕೊಳ್ಳುವುದು.

ನಮ್ಮ ಮಂಡಿಯಲ್ಲೂ ಇರುವುದು ಇದೇ ವಸ್ತು. ವೈದ್ಯರು ಕಾರ್ಟಿಲೇಜ್ ಎನ್ನುತ್ತಾರೆ, ಪಠ್ಯಪುಸ್ತಕಗಳು ಮೃದ್ವಸ್ಥಿ ಎನ್ನುತ್ತವೆ. ಕಿವಿಯಲ್ಲೂ ಮೂಗಿನ ತುದಿಯಲ್ಲೂ ಮೃದ್ವಸ್ಥಿ ಇದೆ. ಆದರೆ ಕೀಲುಗಳಲ್ಲಿ ಮೂಳೆಯ ತುದಿಗೆ ಹೊದಿಕೆಯಾಗಿರುವ ಈ ಬಗೆ ಹೊರುವಷ್ಟು ಭಾರವನ್ನು ಅವು ಯಾವತ್ತೂ ಹೊರುವುದಿಲ್ಲ. ಮೇಲಿನ ತೊಡೆಮೂಳೆಯೂ ಕೆಳಗಿನ ಕಣಕಾಲಿನ ಮೂಳೆಯೂ ನೇರವಾಗಿ ಒಂದಕ್ಕೊಂದು ತಾಗದಂತೆ, ಪ್ರತಿ ಹೆಜ್ಜೆಯಲ್ಲೂ ಬೀಳುವ ಭಾರ ಒಂದೇ ಬಿಂದುವಿನ ಮೇಲೆ ಕೂರದಂತೆ ಅದು ನೋಡಿಕೊಳ್ಳುತ್ತದೆ. ಇದರ ದಪ್ಪ ಹೆಚ್ಚಿನ ಕಡೆ 2ರಿಂದ 4 ಮಿಲಿಮೀಟರ್. ಮಂಡಿಚಿಪ್ಪಿನ ಹಿಂಬದಿಯಲ್ಲಿ ಮಾತ್ರ ಇನ್ನೂ ದಪ್ಪ; ಇಡೀ ದೇಹದಲ್ಲೇ ಅತಿ ದಪ್ಪನೆಯ ಮೃದ್ವಸ್ಥಿ ಇರುವುದು ಅಲ್ಲಿ.

ಇಷ್ಟು ತೆಳುವಾದ ಪದರ ಎಪ್ಪತ್ತು ಎಂಬತ್ತು ವರ್ಷ ಅಷ್ಟು ಭಾರವನ್ನು ಹೇಗೆ ತಾಳುತ್ತದೆ? ಅದರ ತೂಕದ ಮುಕ್ಕಾಲು ಭಾಗದಷ್ಟು ಬರೀ ನೀರು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನಿನ ನಾರು. ಈ ನಾರುಗಳ ಬಲೆಯ ನಡುವೆ ಅಗ್ರೆಕ್ಯಾನ್ ಎಂಬ ಬಹಳ ದೊಡ್ಡ ಅಣುಗಳು ಸಿಕ್ಕಿಕೊಂಡಿರುತ್ತವೆ. ಅಗ್ರೆಕ್ಯಾನಿನ ತುಂಬ ಋಣ ವಿದ್ಯುದಂಶ. ಹಾಗಾಗಿ ಅದು ಸೋಡಿಯಂನಂಥ ಧನ ಅಯಾನುಗಳನ್ನು, ಅವುಗಳ ಹಿಂದೆಯೇ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಬಿಟ್ಟರೆ ಅದು ನೀರು ಹೀರಿ ಈಗಿರುವುದರ ಹಲವು ಪಟ್ಟು ಉಬ್ಬಿಕೊಳ್ಳಬಲ್ಲದು. ಆದರೆ ಸುತ್ತಲಿನ ಕೊಲಾಜೆನ್ ಬಲೆ ಅದಕ್ಕೆ ಆಸ್ಪದ ಕೊಡುವುದಿಲ್ಲ. ಉಬ್ಬಲು ಹೊರಟ ಅಣುವನ್ನು ಬಲೆ ಬಿಗಿಹಿಡಿದಿರುತ್ತದೆ, ಬಲೆಯನ್ನು ಒಳಗಿನ ಉಬ್ಬರ ಸದಾ ಬಿರುಸಾಗಿ ಇಟ್ಟಿರುತ್ತದೆ. ನೀವು ಎದ್ದು ನಿಂತಾಗ ಮಂಡಿಯ ಮೇಲೆ ಬೀಳುವ ಭಾರವನ್ನು ಮೊದಲು ಹೊರುವುದು ಈ ಸೆರೆಸಿಕ್ಕ ನೀರು. ಒಳಗಿನ ರಂಧ್ರಗಳು ಎಷ್ಟು ಸಣ್ಣವೆಂದರೆ ನೀರು ಬೇಗ ಹೊರಬರಲಾರದು, ನಿಧಾನವಾಗಿ ಜಿನುಗುತ್ತದೆ. ಭಾರ ಇಳಿದಾಗ ಮತ್ತೆ ಒಳಸೇರುತ್ತದೆ.

ನಾರುಗಳು ಹಾಸಿಕೊಂಡಿರುವ ರೀತಿಯಲ್ಲೂ ಲೆಕ್ಕಾಚಾರವಿದೆ. ಮೇಲ್ಮೈಗೆ ಹತ್ತಿರದ ತೆಳುಪದರದಲ್ಲಿ ಅವು ಮೇಲ್ಮೈಗೆ ಸಮಾನಾಂತರವಾಗಿ ಒತ್ತೊತ್ತಾಗಿ ಮಲಗಿವೆ, ಯಾಕೆಂದರೆ ಅಲ್ಲಿ ಎದುರಿಸಬೇಕಾದದ್ದು ಉಜ್ಜುವಿಕೆಯನ್ನು. ನಡುವಿನಲ್ಲಿ ಓರೆಯಾಗಿ ಅಡ್ಡಾದಿಡ್ಡಿ ಹರಡಿವೆ. ಆಳದಲ್ಲಿ ನೆಟ್ಟಗೆ ನಿಂತು, ಸುಣ್ಣದಂಶ ತುಂಬಿದ ಒಂದು ಗಟ್ಟಿ ಪದರವನ್ನು ಹಾದು ಮೃದ್ವಸ್ಥಿಯನ್ನು ಕೆಳಗಿನ ಮೂಳೆಗೆ ಬಿಗಿದಿವೆ. ನಾರುಗಳು ಕೆಳಗಿನಿಂದ ನೆಟ್ಟಗೆ ಎದ್ದು ಮೇಲೆ ಕಮಾನಿನಂತೆ ಬಾಗುವ ಈ ವಿನ್ಯಾಸವನ್ನು ಜರ್ಮನಿಯ ಬೆನಿಂಗ್‌ಹಾಫ್ 1925ರಲ್ಲೇ ವಿವರಿಸಿದ್ದರು. ಆ ಸುಣ್ಣದ ಪದರವನ್ನು ನೆನಪಿಟ್ಟುಕೊಳ್ಳಿ. ಶಸ್ತ್ರಚಿಕಿತ್ಸೆ ಗೆಲ್ಲುವುದೂ ಸೋಲುವುದೂ ಎಷ್ಟೋ ಸಲ ಅದರ ಮೇಲೆ ನಿಂತಿರುತ್ತದೆ.

ಇಷ್ಟನ್ನೆಲ್ಲ ಕಟ್ಟಿದ ಜೀವಕೋಶಗಳಿಗೆ ಕಾಂಡ್ರೋಸೈಟ್ ಎಂದು ಹೆಸರು. ವಯಸ್ಕರ ಮೃದ್ವಸ್ಥಿಯ ಗಾತ್ರದಲ್ಲಿ ಅವುಗಳ ಪಾಲು ಕೆಲವೇ ಶೇಕಡಾ. ಒಂದೊಂದೂ ತನ್ನದೇ ಪುಟ್ಟ ಗೂಡಿನಲ್ಲಿ ಒಂಟಿಯಾಗಿ ಕೂತಿರುತ್ತದೆ, ಪಕ್ಕದ ಕೋಶವನ್ನು ಮುಟ್ಟುವುದಿಲ್ಲ. ರಕ್ತನಾಳವಿಲ್ಲದ ಕಾರಣ ಆಹಾರ ಬರುವುದು ಕೀಲಿನೊಳಗಿನ ಜಾರುದ್ರವದಿಂದ. ಆರೋಗ್ಯವಂತ ಮಂಡಿಯಲ್ಲಿ ಈ ದ್ರವ ಒಂದು ಚಹಾ ಚಮಚದಷ್ಟೂ ಇರುವುದಿಲ್ಲ. ಅದರಲ್ಲಿರುವ ಆಮ್ಲಜನಕ, ಗ್ಲೂಕೋಸ್‌ಗಳು ಮೃದ್ವಸ್ಥಿಯೊಳಗೆ ಇಷ್ಟಿಷ್ಟೇ ಹರಡಿಕೊಂಡು ಕೋಶಗಳನ್ನು ತಲುಪುತ್ತವೆ. ನಡೆದಾಡುವಾಗಿನ ಒತ್ತುವ, ಬಿಡುವ ಕ್ರಿಯೆ ಈ ಸಾಗಾಟಕ್ಕೆ ನೆರವಾಗುತ್ತದೆ. ತಿಂಗಳುಗಟ್ಟಲೆ ಪ್ಲಾಸ್ಟರ್ ಹಾಕಿ ಅಲುಗಾಡದಂತೆ ಇಟ್ಟ ಕೀಲಿನಲ್ಲಿ ಮೃದ್ವಸ್ಥಿ ತೆಳುವಾಗಿ ಮೆತ್ತಗಾಗುವುದು ಈ ಕಾರಣಕ್ಕೇ.

ಇನ್ನು ಗಾಯದ ವಿಷಯ. ಚರ್ಮ ಕೊಯ್ದುಕೊಂಡಾಗ ಏನಾಗುತ್ತದೆಂದು ನೋಡಿ. ರಕ್ತ ಬರುತ್ತದೆ, ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಬರೀ ಮುಚ್ಚಳವಲ್ಲ. ಅದರೊಳಗೆ ಸಿಕ್ಕಿಕೊಂಡ ಪ್ಲೇಟ್‌ಲೆಟ್‌ಗಳು ಬಿಡುವ ರಾಸಾಯನಿಕಗಳು ಸುತ್ತಲಿನಿಂದ ಕೋಶಗಳನ್ನು ಕರೆಸಿಕೊಳ್ಳುತ್ತವೆ. ಬಿಳಿರಕ್ತಕಣಗಳು ಬಂದು ಕಸ ತೆಗೆಯುತ್ತವೆ. ಹೊಸ ನಾಳಗಳು ಚಿಗುರುತ್ತವೆ. ಹೆಪ್ಪಿನ ನಾರನ್ನೇ ಏಣಿ ಮಾಡಿಕೊಂಡು ದುರಸ್ತಿಯ ಕೋಶಗಳು ಒಳಗೆ ಹತ್ತುತ್ತವೆ. ಎಲ್ಲಕ್ಕೂ ಮೊದಲ ಮೆಟ್ಟಿಲು ರಕ್ತಸ್ರಾವ. ಮೃದ್ವಸ್ಥಿಯ ಗಾಯದಲ್ಲಿ ಆ ಮೊದಲ ಮೆಟ್ಟಿಲೇ ಇಲ್ಲ. ರಕ್ತವಿಲ್ಲ, ಹೆಪ್ಪಿಲ್ಲ, ಹತ್ತಲು ಏಣಿಯಿಲ್ಲ. ಅಂಚಿನಲ್ಲಿರುವ ಕಾಂಡ್ರೋಸೈಟ್‌ಗಳಾದರೂ ಸರಿದು ಬಂದಾವೇ ಎಂದರೆ ಗಟ್ಟಿ ಬಲೆಯೊಳಗೆ ಬಂದಿಯಾಗಿರುವ ಅವು ಕದಲಲಾರವು. ಏಟು ಬಿದ್ದ ಅಂಚಿನಲ್ಲಿ ಕೆಲವು ಸಾಯುತ್ತವೆ. ಬದುಕಿದವು ಸ್ವಲ್ಪ ಕಾಲ ವಿಭಜನೆಗೊಂಡು, ಸ್ವಲ್ಪ ಪ್ರೋಟೀನ್ ತಯಾರಿಸಿ, ಗುಂಡಿ ತುಂಬುವ ಮೊದಲೇ ಸುಮ್ಮನಾಗುತ್ತವೆ.

ಇದು ಹೊಸದಾಗಿ ಕಂಡುಕೊಂಡ ಸಂಗತಿಯಲ್ಲ. 1743ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ವಿಲಿಯಂ ಹಂಟರ್, ಒಮ್ಮೆ ನಾಶವಾದ ಮೃದ್ವಸ್ಥಿ ಮರಳಿ ಬಾರದೆಂಬುದು ಹಿಪೊಕ್ರೆಟಿಸನ ಕಾಲದಿಂದಲೂ ಎಲ್ಲರೂ ಒಪ್ಪಿದ ಮಾತು ಎಂದು ಬರೆದಿದ್ದರು. ಎಷ್ಟರಮಟ್ಟಿಗೆ ಬಾರದು ಎಂಬುದಕ್ಕೆ ಖಚಿತ ಪುರಾವೆ ಸಿಕ್ಕಿದ್ದು ಮಾತ್ರ 2016ರಲ್ಲಿ, ಡೆನ್ಮಾರ್ಕಿನ ಸಂಶೋಧಕರಿಂದ. 1950 ಮತ್ತು 60ರ ದಶಕಗಳಲ್ಲಿ ಬಯಲಲ್ಲಿ ನಡೆಸಿದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14ರ ಪ್ರಮಾಣ ಏಕಾಏಕಿ ಏರಿ, ಆಮೇಲೆ ಮೆಲ್ಲಗೆ ಇಳಿಯಿತು. ಆಹಾರದ ಮೂಲಕ ಅದು ಆಗ ಬದುಕಿದ್ದವರೆಲ್ಲರ ದೇಹ ಸೇರಿತು. ಯಾವ ವರ್ಷ ಹುಟ್ಟಿದವರ ಮಂಡಿಯ ಕೊಲಾಜೆನ್‌ನಲ್ಲಿ ಎಷ್ಟು ಕಾರ್ಬನ್-14 ಇದೆ ಎಂದು ಅಳೆದರೆ ಆ ಕೊಲಾಜೆನ್ ಯಾವಾಗ ತಯಾರಾದದ್ದೆಂದು ತಿಳಿಯುತ್ತದೆ. ಉತ್ತರ ನಿಚ್ಚಳವಾಗಿತ್ತು. ಕೊಲಾಜೆನ್ ಬಲೆ ನೇಯ್ದದ್ದು ಬೆಳೆಯುವ ವಯಸ್ಸಿನಲ್ಲಿ; ದೊಡ್ಡವರಾದ ಮೇಲೆ ಅದು ಬದಲಾಗುವುದೇ ಇಲ್ಲವೆನ್ನಬಹುದು. ಸಂಧಿವಾತ ಬಂದ ಮಂಡಿಗಳಲ್ಲೂ ಹೊಸ ಕೊಲಾಜೆನ್ ಸೇರಿರಲಿಲ್ಲ. ಅರವತ್ತರ ಅಜ್ಜಿ ಇಂದು ಮೆಟ್ಟಿಲು ಹತ್ತುತ್ತಿರುವುದು ಹದಿಹರೆಯದಲ್ಲಿ ಕಟ್ಟಿಕೊಂಡ ಬಲೆಯ ಮೇಲೆ. ಕೊಲಾಜೆನ್ ಪುಡಿಯ ಡಬ್ಬ ಮಾರುವವರ ಮಾತು ಕೇಳುವಾಗ ಈ ಸಂಗತಿ ಮನಸ್ಸಿನಲ್ಲಿರಲಿ.

ಇನ್ನೊಂದು ತೊಡಕಿದೆ. ಮೃದ್ವಸ್ಥಿಯಲ್ಲಿ ನರಗಳೂ ಇಲ್ಲ. ಅದು ಹರಿದಾಗ ಅದಕ್ಕೆ ನೋವಾಗುವುದಿಲ್ಲ. ನೋವು ಬರುವುದು ಕೆಳಗಿನ ಮೂಳೆಯ ಮೇಲೆ ಭಾರ ಬಿದ್ದಾಗ, ಇಲ್ಲವೇ ಕಳಚಿದ ಚೂರುಗಳಿಂದ ಕೀಲಿನ ಒಳಪೊರೆ ಕೆರಳಿ ನೀರು ತುಂಬಿದಾಗ. ಅಷ್ಟರಲ್ಲಿ ಗಾಯ ಹಳೆಯದಾಗಿರುತ್ತದೆ. ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣುವುದೇ ಇಲ್ಲವಾದ್ದರಿಂದ "ಮೂಳೆ ಚೆನ್ನಾಗಿದೆ" ಎಂಬ ಮಾತು ಕೇಳಿಕೊಂಡು ಮನೆಗೆ ಹೋದವರು ಬಹಳ ಮಂದಿ.

ಗಾಯ ಎಷ್ಟು ಆಳವಾಗಿದೆ ಎನ್ನುವುದರಲ್ಲಿ ಒಂದು ವಿಚಿತ್ರವಿದೆ. ಮೃದ್ವಸ್ಥಿಯೊಳಗೇ ನಿಂತ ಸೀಳು ವರ್ಷಗಳಾದರೂ ಹಾಗೇ ಇರುತ್ತದೆ. ಅದಕ್ಕಿಂತ ದೊಡ್ಡ ಏಟು ಬಿದ್ದು ಕೆಳಗಿನ ಮೂಳೆಯೂ ಒಡೆದರೆ ಅಲ್ಲಿ ಏನಾದರೊಂದು ಬೆಳೆಯುತ್ತದೆ. ಮೂಳೆಯ ಒಳಗೆ ಮಜ್ಜೆ ಇದೆ, ಮಜ್ಜೆಯಲ್ಲಿ ರಕ್ತವಿದೆ, ಮೂಳೆಯೋ ಮೃದ್ವಸ್ಥಿಯೋ ಆಗಬಲ್ಲ ಮೂಲಕೋಶಗಳಿವೆ. ಹಾಗಿದ್ದಮೇಲೆ ಸಣ್ಣ ಗಾಯವನ್ನು ಬೇಕೆಂದೇ ಮೂಳೆಯವರೆಗೆ ಇಳಿಸಿದರೆ? ಬ್ರಿಸ್ಟಲ್‌ನ ಶಸ್ತ್ರವೈದ್ಯ ಕೆನೆತ್ ಪ್ರೀಡಿ 1950ರ ದಶಕದಲ್ಲಿ ಮಾಡಿದ್ದು ಇದನ್ನೇ. ಮಂಡಿ ತೆರೆದು, ಮೃದ್ವಸ್ಥಿ ಕಳಚಿದ ಜಾಗದ ಮೂಳೆಗೆ ಡ್ರಿಲ್ಲಿನಿಂದ ತೂತು ಕೊರೆದರು. ಅಮೆರಿಕದ ಕೊಲೊರಾಡೋ ರಾಜ್ಯದ ವೇಲ್ ಎಂಬ ಸ್ಕೀಯಿಂಗ್ ಊರಿನಲ್ಲಿ ಹೆಸರು ಮಾಡಿದ ರಿಚರ್ಡ್ ಸ್ಟೆಡ್‌ಮನ್ 1980ರ ದಶಕದಲ್ಲಿ ಈ ಯೋಚನೆಯನ್ನು ಕೀಹೋಲ್ ಶಸ್ತ್ರಚಿಕಿತ್ಸೆಗೆ ತಂದರು. ಡ್ರಿಲ್ ಬಿಟ್ಟು, ತುದಿ ಬಾಗಿದ ದಬ್ಬಳದಂಥ ಉಪಕರಣ ಬಳಸಿದರು. ಬಾಗಿದ ತುದಿಯಿದ್ದರೆ ಸಣ್ಣ ಕಿಂಡಿಯಿಂದಲೂ ಮೇಲ್ಮೈಗೆ ನೇರವಾಗಿ ಚುಚ್ಚಬಹುದು, ಡ್ರಿಲ್ಲಿನ ಕಾವೂ ಇರುವುದಿಲ್ಲ. ಕುದುರೆಗಳ ಮೇಲೂ ಪ್ರಯೋಗ ನಡೆಯಿತು. ಅದಕ್ಕೆ ಬಂದ ಹೆಸರು ಮೈಕ್ರೋಫ್ರಾಕ್ಚರ್.

ಶಸ್ತ್ರಚಿಕಿತ್ಸೆ ಹೇಗೆ ನಡೆಯುತ್ತದೆಂದು ತಿಳಿಯಲು ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. 27 ವರ್ಷದ ಕಬಡ್ಡಿ ಆಟಗಾರ. ಎದುರಾಳಿ ಕಾಲು ಹಿಡಿದಾಗ ಮಂಡಿ ತಿರುಚಿದೆ, ಆ ರಾತ್ರಿ ಊದಿದೆ. ಎರಡು ವಾರಕ್ಕೆ ಊತ ಇಳಿದರೂ ಆಡಿದಾಗಲೆಲ್ಲ ಮತ್ತೆ ನೀರು ತುಂಬುತ್ತಿದೆ, ಮಂಡಿಯ ಒಳಬದಿಯಲ್ಲಿ ಚುಚ್ಚುತ್ತದೆ. ಎಂಆರ್‌ಐಯಲ್ಲಿ ತೊಡೆಮೂಳೆಯ ಕೆಳತುದಿಯ ಒಳಗುಬ್ಬಿನಲ್ಲಿ, ಭಾರ ಬೀಳುವ ಜಾಗದಲ್ಲೇ, 12 ಮಿ.ಮೀ. ಉದ್ದ 12 ಮಿ.ಮೀ. ಅಗಲದ ಗುಂಡಿ ಕಂಡಿದೆ. ಮೂಳೆಯವರೆಗೆ ಇಳಿದಿದೆ. ಉಳಿದ ಮೃದ್ವಸ್ಥಿ ಗಟ್ಟಿಮುಟ್ಟಾಗಿದೆ. ವೈದ್ಯರು ಇನ್ನೂ ಎರಡನ್ನು ನೋಡುತ್ತಾರೆ. ಮುಂಭಾಗದ ಅಸ್ಥಿರಜ್ಜು ಹರಿದಿದೆಯೇ, ಕಾಲು ಹೊರಕ್ಕೆ ಬಿಲ್ಲಿನಂತೆ ಬಾಗಿದೆಯೇ ಎಂಬುದು ಅವು. ರಜ್ಜು ಹರಿದಿದ್ದರೆ ಮಂಡಿ ಜಾರಿ ಹೊಸ ತೇಪೆಯನ್ನು ಉಜ್ಜಿಹಾಕುತ್ತದೆ. ಕಾಲು ಬಾಗಿದ್ದರೆ ದೇಹದ ಭಾರವೆಲ್ಲ ಒಳಬದಿಯಲ್ಲೇ ಬಿದ್ದು ತೇಪೆ ಬಾಳದು. ಅವನ್ನು ಮೊದಲು, ಇಲ್ಲವೇ ಜೊತೆಯಲ್ಲೇ, ಸರಿಪಡಿಸಬೇಕು. ನಮ್ಮ ಆಟಗಾರನಿಗೆ ಎರಡೂ ತೊಂದರೆ ಇಲ್ಲ.

ಆರ್ತ್ರೋಸ್ಕೋಪ್ ಒಳಗೆ ಹೋದಾಗ ಗುಂಡಿಯ ಅಂಚಿನ ಮೃದ್ವಸ್ಥಿ ಚಿಂದಿಯಾಗಿ, ಮೂಳೆಯಿಂದ ಎದ್ದು ಅಲ್ಲಾಡುತ್ತಿರುವುದು ಕಾಣುತ್ತದೆ. ಅದನ್ನು ಉಳಿಸುವಂತಿಲ್ಲ. ರಸ್ತೆಯ ಗುಂಡಿಗೆ ಡಾಂಬರು ತುಂಬುವ ಮೊದಲು ಸಡಿಲ ಅಂಚನ್ನು ಕತ್ತರಿಸಿ ನೆಟ್ಟಗೆ ಮಾಡುವಂತೆ, ಇಲ್ಲೂ ಸಡಿಲವಾದದ್ದನ್ನೆಲ್ಲ ತೆಗೆದು ಸುತ್ತ ಗಟ್ಟಿಯಾದ ನೇರ ಗೋಡೆ ಬರುವಂತೆ ಮಾಡುತ್ತಾರೆ. ಮುಂದೆ ಹೆಪ್ಪು ನಿಲ್ಲಬೇಕಾದದ್ದು ಈ ಗೋಡೆಗಳ ಆಸರೆಯಲ್ಲಿ. ಹೀಗೆ ಕೆರೆದು ಮುಗಿಸುವಷ್ಟರಲ್ಲಿ ಗುಂಡಿ ಎಂಆರ್‌ಐ ಹೇಳಿದ್ದಕ್ಕಿಂತ ದೊಡ್ಡದಾಗಿರುತ್ತದೆ. 14 ಮಿ.ಮೀ. ಅಗಲ, 16 ಮಿ.ಮೀ. ಉದ್ದ ಎಂದುಕೊಳ್ಳಿ, ಅಂದರೆ ಸುಮಾರು ಎರಡೂಕಾಲು ಚದರ ಸೆಂಟಿಮೀಟರ್.

ಅನಂತರ ಬರುವುದು ಆ ಸುಣ್ಣದ ಪದರ. ಗುಂಡಿಯ ತಳದಲ್ಲಿ ಅದು ತೆಳ್ಳಗೆ ಉಳಿದಿರುತ್ತದೆ. ಕ್ಯುರೆಟ್ ಎಂಬ ಚಮಚದಂಥ ಉಪಕರಣದಿಂದ ಅದನ್ನು ಪೂರ್ತಿ ಕೆರೆದು ತೆಗೆಯಬೇಕು. ಉಳಿಸಿದರೆ ಮೇಲೆ ಬೆಳೆಯುವ ಅಂಗಾಂಶ ಮೂಳೆಗೆ ಅಂಟಿಕೊಳ್ಳುವುದಿಲ್ಲ. ಹಾಗೆಂದು ಜೋರಾಗಿ ಕೆರೆದು ಕೆಳಗಿನ ಮೂಳೆಯ ಗಟ್ಟಿ ತಟ್ಟೆಯನ್ನೇ ತಿಂದುಹಾಕಿದರೆ, ಆ ಮೂಳೆ ಮುಂದೆ ಮಿತಿಮೀರಿ ಮೇಲಕ್ಕೆ ಬೆಳೆಯಲು ದಾರಿಯಾಗುತ್ತದೆ. ಮಿಲಿಮೀಟರಿಗಿಂತಲೂ ತೆಳುವಾದ ಒಂದು ಪದರದ ಇತ್ತ ನಿಲ್ಲುವುದೇ, ಅತ್ತ ದಾಟುವುದೇ ಎಂಬುದು ಇಲ್ಲಿ ಕೈಯ ಅನುಭವಕ್ಕೆ ಬಿಟ್ಟ ಮಾತು.

ಈಗ ಚುಚ್ಚುವಿಕೆ. ಮೊದಲು ಅಂಚಿನ ಉದ್ದಕ್ಕೂ, ಆಮೇಲೆ ನಡುವಿಗೆ. ತೂತಿನಿಂದ ತೂತಿಗೆ 3ರಿಂದ 4 ಮಿ.ಮೀ. ಅಂತರ, 2ರಿಂದ 4 ಮಿ.ಮೀ. ಆಳ. ಚದರ ಸೆಂಟಿಮೀಟರಿಗೆ ಮೂರು ನಾಲ್ಕು ತೂತಿನ ಲೆಕ್ಕದಲ್ಲಿ ನಮ್ಮ ಆಟಗಾರನ ಗುಂಡಿಗೆ ಎಂಟರಷ್ಟು ತೂತು ಬೇಕು. ತೀರ ಒತ್ತಾಗಿ ಚುಚ್ಚಿದರೆ ನಡುವಿನ ಮೂಳೆ ಒಡೆದು ತೂತುಗಳು ಒಂದಾಗುತ್ತವೆ, ತಳವೇ ಕುಸಿಯುತ್ತದೆ. ಆಳ ಸಾಕಷ್ಟಾಯಿತೆಂದು ಗೊತ್ತಾಗುವುದು ತೂತಿನಿಂದ ಮಜ್ಜೆಯ ಕೊಬ್ಬಿನ ಸಣ್ಣ ಹನಿಗಳು ತೇಲಿ ಬಂದಾಗ. ಅಷ್ಟಕ್ಕೇ ನಂಬುವುದಿಲ್ಲ. ಕೀಲಿನೊಳಗೆ ಹರಿಸುತ್ತಿದ್ದ ನೀರಿನ ಒತ್ತಡವನ್ನು ಇಳಿಸಿ ಕಾಯುತ್ತಾರೆ. ಒಂದೊಂದೇ ತೂತಿನಿಂದ ರಕ್ತ ಜಿನುಗಿ ಹೊರಬರುವುದು ಪರದೆಯ ಮೇಲೆ ಕಾಣಬೇಕು. ಕಾಣದ ತೂತನ್ನು ಇನ್ನಷ್ಟು ಆಳಕ್ಕೆ ಚುಚ್ಚುತ್ತಾರೆ. ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ರಕ್ತವನ್ನು ಹೊರತೆಗೆಯಲು ನಳಿಕೆ ಇಡುವುದುಂಟು. ಇಲ್ಲಿ ಇಡುವುದಿಲ್ಲ. ಆ ರಕ್ತ ಅಲ್ಲೇ ಹೆಪ್ಪುಗಟ್ಟಬೇಕು.

ಇಷ್ಟಕ್ಕೆ ವೈದ್ಯರ ಕೆಲಸದ ಸುಲಭದ ಅರ್ಧ ಮುಗಿಯಿತು. "ಡಾಕ್ಟ್ರೇ, ಹೊಲಿಗೆ ಬಿಚ್ಚಿದ ಮೇಲೆ ಮ್ಯಾಟ್ ಮೇಲೆ ಇಳೀಬಹುದಾ?" ಎಂದು ಆಟಗಾರ ಕೇಳುವುದು ಸಹಜ. ಚರ್ಮದ ಮೇಲಿನ ಗಾಯ ಅರ್ಧ ಅಂಗುಲದ್ದೂ ಇರುವುದಿಲ್ಲ. ಆದರೆ ಒಳಗೆ ಗುಂಡಿಯಲ್ಲಿರುವುದು ಬರೀ ರಕ್ತದ ಹೆಪ್ಪು. ಅದರ ಮೇಲೆ ಒಮ್ಮೆ ಪೂರ್ತಿ ಭಾರ ಹಾಕಿ ನಿಂತರೆ ಅದು ಕಿತ್ತುಬರಬಹುದು. ಮೊದಲ ಆರರಿಂದ ಎಂಟು ವಾರ ಎರಡು ಊರುಗೋಲು ಹಿಡಿದು, ಪಾದ ನೆಲಕ್ಕೆ ತಾಗಿಯೂ ತಾಗದಂತೆ ನಡೆಯಬೇಕು. ಅದೇ ವೇಳೆಗೆ ಮಂಡಿಯನ್ನು ಮಡಚಿ ಬಿಡಿಸುವುದು ನಿಲ್ಲಬಾರದು. ಭಾರವಿಲ್ಲದ ಚಲನೆ ಮೃದ್ವಸ್ಥಿಯ ದುರಸ್ತಿಗೆ ಒಳ್ಳೆಯದೆಂದು ಟೊರೊಂಟೋದ ರಾಬರ್ಟ್ ಸಾಲ್ಟರ್ 1980ರಲ್ಲಿ ಮೊಲಗಳ ಪ್ರಯೋಗದಿಂದ ತೋರಿಸಿದ್ದರು. ಸ್ಟೆಡ್‌ಮನ್ ಅದನ್ನೇ ಪಾಲಿಸಿ, ಕಾಲನ್ನು ತಾನಾಗಿ ಮಡಚಿ ಬಿಡಿಸುವ ಸಿಪಿಎಂ ಯಂತ್ರದಲ್ಲಿ ರೋಗಿಯನ್ನು ದಿನಕ್ಕೆ 6ರಿಂದ 8 ಗಂಟೆ ಇಡುತ್ತಿದ್ದರು. ಯಂತ್ರವಿಲ್ಲದವರಿಗೆ ಅವರು ಹೇಳುತ್ತಿದ್ದುದು ದಿನಕ್ಕೆ ಮೂರು ಸಲ, ಸಲಕ್ಕೆ 500 ಬಾರಿ, ಭಾರ ಹಾಕದೆ ಮಂಡಿ ಮಡಚಿ ಬಿಡಿಸಲು. ಗುಂಡಿ ಮಂಡಿಚಿಪ್ಪಿನ ಹಿಂದೆ ಇದ್ದರೆ ನಿಯಮ ಬೇರೆ. ಅಲ್ಲಿ ಭಾರ ಬೀಳುವುದು ಮಂಡಿ ಮಡಚಿದಾಗ. ಆದ್ದರಿಂದ ಪಟ್ಟಿ ಕಟ್ಟಿ ಕಾಲು ನೇರವಾಗಿಟ್ಟುಕೊಂಡು ನಡೆಯಲು ಬಿಡುತ್ತಾರೆ, ಮಡಚಿ ನಿಲ್ಲಲು ಬಿಡುವುದಿಲ್ಲ.

ನಮ್ಮ ಮನೆಗಳಲ್ಲಿ ಈ ಆರು ವಾರ ನಿಜಕ್ಕೂ ಕಷ್ಟದ್ದು. ನೆಲದ ಮೇಲೆ ಊಟಕ್ಕೆ ಕೂರುವುದು, ಕುಕ್ಕರುಗಾಲಿನ ಶೌಚಾಲಯ, ಮೊದಲ ಮಹಡಿಯ ಮನೆ, ದಿನಗೂಲಿಯ ಕೆಲಸ. ಊರುಗೋಲನ್ನು ಮೂರನೇ ವಾರಕ್ಕೇ ಮೂಲೆಗಿಡುವವರು ಅಸಡ್ಡೆಯಿಂದ ಹಾಗೆ ಮಾಡುವುದಿಲ್ಲ. ನೋವಿಲ್ಲದಿದ್ದಾಗ ಕೆಲಸ ಕರೆಯುತ್ತದೆ. ನೋವಿಲ್ಲ ಎಂಬುದು ಇಲ್ಲಿ ಯಾವ ಭರವಸೆಯೂ ಅಲ್ಲ. ಆ ಹೆಪ್ಪಿನಲ್ಲಿ ನರವಿಲ್ಲವಲ್ಲ!

ವಾರಗಳು ಕಳೆದಂತೆ ಹೆಪ್ಪಿನೊಳಗೆ ಮಜ್ಜೆಯ ಕೋಶಗಳು ನೆಲೆಸುತ್ತವೆ, ನಾರು ನೇಯುತ್ತವೆ, ತಿಂಗಳುಗಳಲ್ಲಿ ಗುಂಡಿ ತುಂಬುತ್ತದೆ. ಆರೇಳು ತಿಂಗಳಿಗೆ ಆಟಗಾರ ಓಡಲು ಶುರುಮಾಡಬಹುದು. ಆದರೆ ತುಂಬಿಕೊಂಡದ್ದು ಏನು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸಿಹಿಯಲ್ಲ. ಅದು ಕಳೆದುಹೋದ ಮೃದ್ವಸ್ಥಿಯಲ್ಲ. ನಾರುಮೃದ್ವಸ್ಥಿ ಎಂಬ ಬೇರೆಯೇ ಅಂಗಾಂಶ. ಅದರಲ್ಲಿ ಹೆಚ್ಚಾಗಿರುವುದು ಚರ್ಮದಲ್ಲೂ ಗಾಯದ ಕಲೆಯಲ್ಲೂ ಇರುವ ಒಂದನೇ ಬಗೆಯ ಕೊಲಾಜೆನ್. ಕೀಲಿಗೆ ಬೇಕಾದ ಎರಡನೇ ಬಗೆಯದು ಕಡಿಮೆ. ಅಗ್ರೆಕ್ಯಾನ್ ಕಡಿಮೆ, ಆದ್ದರಿಂದ ಹಿಡಿದಿಡುವ ನೀರೂ ಕಡಿಮೆ. ಮೇಲೆ ಮಲಗಿ, ಆಳದಲ್ಲಿ ನೆಟ್ಟಗೆ ನಿಲ್ಲುವ ಆ ನಾರಿನ ವಿನ್ಯಾಸ ಇಲ್ಲ. ಪಕ್ಕದ ಹಳೆಯ ಮೃದ್ವಸ್ಥಿಯೊಂದಿಗೆ ಅದು ಸರಿಯಾಗಿ ಬೆಸೆಯುವುದೂ ಇಲ್ಲ. ಮೂಳೆಯನ್ನು ಮುಚ್ಚುತ್ತದೆ, ನೋವು ಇಳಿಸುತ್ತದೆ. ಅದೇ ಭಾರವನ್ನು ಅಷ್ಟೇ ವರ್ಷ ಹೊರಲಾರದು.

ಹಾಗೆಂದು ಇದನ್ನು ತಳ್ಳಿಹಾಕುವಂತಿಲ್ಲ. ಸ್ಟೆಡ್‌ಮನ್ 2003ರಲ್ಲಿ ಪ್ರಕಟಿಸಿದ ತಮ್ಮದೇ 72 ರೋಗಿಗಳ ವರದಿಯಲ್ಲಿ ಏಳು ವರ್ಷದ ನಂತರವೂ ಶೇ. 80ರಷ್ಟು ಮಂದಿ ಮೊದಲಿಗಿಂತ ಚೆನ್ನಾಗಿದ್ದೇವೆ ಎಂದಿದ್ದರು. ಅವರೆಲ್ಲ 45ರ ಒಳಗಿನವರು, ಮಂಡಿ ಸವೆಯದವರು, ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ ಎಂಬುದನ್ನೂ ಸೇರಿಸಿ ಓದಬೇಕು. ಆಮೇಲಿನ ಅಧ್ಯಯನಗಳು ತೋರಿಸಿದ ಚಿತ್ರ ಹೀಗಿದೆ: ಮೊದಲ ಎರಡು ವರ್ಷ ಸುಧಾರಣೆ ನಿಚ್ಚಳ, ಅಲ್ಲಿಂದ ಐದು ವರ್ಷದೊಳಗೆ ಹಲವರಲ್ಲಿ, ಅದರಲ್ಲೂ ಆಟಕ್ಕೆ ಮರಳಿದವರಲ್ಲಿ ಮತ್ತು ಗುಂಡಿ ದೊಡ್ಡದಿದ್ದವರಲ್ಲಿ, ಇಳಿಮುಖ. ಅಮೆರಿಕದ ಇಬ್ಬರು ಬಾಸ್ಕೆಟ್‌ಬಾಲ್ ಆಟಗಾರರ ಕತೆ ಈ ಅನಿಶ್ಚಿತತೆಯನ್ನು ತೋರಿಸುತ್ತದೆ. ಅಮಾರೆ ಸ್ಟೌಡಮೈರ್ 2005ರಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆ ಸೀಸನ್ ಬಹುಪಾಲು ಕಳೆದುಕೊಂಡರೂ ಮುಂದಿನ ಸೀಸನ್ನಿನ ಎಲ್ಲ 82 ಪಂದ್ಯ ಆಡಿದರು. ಗ್ರೆಗ್ ಓಡನ್ 2007ರಲ್ಲಿ ಬಲ ಮಂಡಿಗೆ, 2010ರಲ್ಲಿ ಎಡ ಮಂಡಿಗೆ ಮಾಡಿಸಿಕೊಂಡರು. ಅವರ ಆಟದ ಬದುಕು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ.

ತೇಪೆ ಸೋಲುತ್ತಿದೆಯೆಂದು ತಿಳಿಯುವುದು ಹೇಗೆ? ಒಂದು ವರ್ಷ ಸುಮ್ಮನಿದ್ದ ಮಂಡಿ ಆಟದ ಮರುದಿನ ಊದತೊಡಗುತ್ತದೆ. ಮೆಟ್ಟಿಲಿಳಿಯುವಾಗ ಹಳೆಯ ಜಾಗದಲ್ಲೇ ಚುಚ್ಚುತ್ತದೆ. ಎಂಆರ್‌ಐಯಲ್ಲಿ ಗುಂಡಿಯ ತುಂಬುವಿಕೆ ಅರೆಬರೆಯಾಗಿ ಕಾಣಬಹುದು, ಕೆಳಗಿನ ಮೂಳೆಯಲ್ಲಿ ಊತದ ಬಿಳುಪು ಇರಬಹುದು. ಇಲ್ಲವೇ ಚುಚ್ಚಿದ ಮೂಳೆಯೇ ಗುಂಡಿಯೊಳಗೆ ಮೇಲಕ್ಕೆ ಬೆಳೆದು, ಮೇಲಿನ ತೇಪೆಯನ್ನು ತೆಳುವಾಗಿಸಿರಬಹುದು. ಈ ಮೂಳೆಯ ಬದಲಾವಣೆಗಳೇ ನನಗೆ ಹೆಚ್ಚು ಚಿಂತೆಯ ವಿಷಯವಾಗಿ ಕಾಣುತ್ತವೆ. ಏಕೆಂದರೆ ಅವು ಮುಂದಿನ ಚಿಕಿತ್ಸೆಯ ದಾರಿಯನ್ನೂ ಕೆಡಿಸುತ್ತವೆ.

ಆ ಮುಂದಿನ ಚಿಕಿತ್ಸೆಗಳಲ್ಲಿ ಮುಖ್ಯವಾದವು ಎರಡು. ಒಂದು, ಮಂಡಿಯಲ್ಲೇ ಭಾರ ಕಡಿಮೆ ಬೀಳುವ ಅಂಚಿನಿಂದ ಮೃದ್ವಸ್ಥಿ ಸಮೇತ ಮೂಳೆಯ ಸಣ್ಣ ಬಿರಡೆಗಳನ್ನು ಕೊರೆದು ತಂದು ಗುಂಡಿಯಲ್ಲಿ ನಾಟುವುದು. ಹಂಗರಿಯ ಲಾಸ್ಲೊ ಹಾಂಗೊಡಿ 1990ರ ದಶಕದಲ್ಲಿ ಇದನ್ನು ಬಳಕೆಗೆ ತಂದರು. ನಾಟಿದ್ದು ನಿಜವಾದ ಮೃದ್ವಸ್ಥಿಯೇ, ಆದರೆ ಕೊಡುವ ಜಾಗ ಚಿಕ್ಕದು, ಅಲ್ಲೂ ಗಾಯವಾಗುತ್ತದೆ. ಇನ್ನೊಂದು ಸ್ವೀಡನ್ನಿನ ಗೋಥೆನ್‌ಬರ್ಗ್‌ನದು. ರೋಗಿಯ ಮಂಡಿಯಿಂದಲೇ ಚಿಟಿಕೆಯಷ್ಟು ಮೃದ್ವಸ್ಥಿ ತೆಗೆದು, ಅದರ ಕೋಶಗಳನ್ನು ಪ್ರಯೋಗಾಲಯದಲ್ಲಿ ವಾರಗಟ್ಟಲೆ ಬೆಳೆಸಿ, ಇನ್ನೊಂದು ಶಸ್ತ್ರಚಿಕಿತ್ಸೆಯಲ್ಲಿ ಗುಂಡಿಗೆ ಹಾಕಿ ಮುಚ್ಚುವುದು. ಮ್ಯಾಟ್ಸ್ ಬ್ರಿಟ್‌ಬರ್ಗ್, ಲಾರ್ಸ್ ಪೀಟರ್ಸನ್ ಮತ್ತು ಸಂಗಡಿಗರು 1994ರಲ್ಲಿ 23 ರೋಗಿಗಳ ಫಲಿತಾಂಶ ಪ್ರಕಟಿಸಿದಾಗ ಸಮಸ್ಯೆ ಬಗೆಹರಿಯಿತೆಂದೇ ಅನೇಕರು ಭಾವಿಸಿದ್ದರು. ನಾರ್ವೆಯಲ್ಲಿ 80 ರೋಗಿಗಳನ್ನು ಚೀಟಿಯೆತ್ತಿದ ಹಾಗೆ ಎರಡು ಗುಂಪು ಮಾಡಿ, ಅರ್ಧದಷ್ಟು ಮಂದಿಗೆ ಕೋಶಗಳನ್ನೂ ಇನ್ನರ್ಧಕ್ಕೆ ಮೈಕ್ರೋಫ್ರಾಕ್ಚರನ್ನೂ ಮಾಡಿ ನೋಡಿದಾಗ ಎರಡು ವರ್ಷಕ್ಕೂ ಐದು ವರ್ಷಕ್ಕೂ ಹದಿನಾಲ್ಕು ಹದಿನೈದು ವರ್ಷಕ್ಕೂ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೋಶಗಳನ್ನು ಪೊರೆಯ ಮೇಲೆ ಬೆಳೆಸಿ ಅಂಟಿಸುವ ಇತ್ತೀಚಿನ ವಿಧಾನಗಳು, ವಿಶೇಷವಾಗಿ ದೊಡ್ಡ ಗುಂಡಿಗಳಲ್ಲಿ, ಮೈಕ್ರೋಫ್ರಾಕ್ಚರಿಗಿಂತ ಮೇಲೆಂದು ತೋರಿಸಿವೆ. ಖರ್ಚು ಮಾತ್ರ ಹಲವು ಪಟ್ಟು.

ಇಲ್ಲಿ ಕೊಕ್ಕೆಯೊಂದಿದೆ. 2009ರಲ್ಲಿ ಬಾಸ್ಟನ್ನಿನ ಟಾಮ್ ಮಿನಾಸ್ ಮತ್ತು ಸಂಗಡಿಗರು ತಮ್ಮ ರೋಗಿಗಳ ದಾಖಲೆ ನೋಡಿದಾಗ, ಮೊದಲು ಮೂಳೆಗೆ ತೂತು ಮಾಡಿಸಿಕೊಂಡಿದ್ದವರಲ್ಲಿ ಕೋಶ ನಾಟಿ ಸೋತದ್ದು ಶೇ. 26, ಮಾಡಿಸಿಕೊಳ್ಳದವರಲ್ಲಿ ಶೇ. 8. "ಮೊದಲು ಸುಲಭದ್ದು ಮಾಡಿ ನೋಡೋಣ, ಆಗದಿದ್ದರೆ ದೊಡ್ಡದು" ಎಂಬ ವಾದ ಈ ಅಂಕಿಯ ಮುಂದೆ ನಿಲ್ಲುವುದಿಲ್ಲ. ಮೊದಲ ಶಸ್ತ್ರಚಿಕಿತ್ಸೆಯೇ ಎರಡನೆಯದರ ಅವಕಾಶವನ್ನು ಕುಗ್ಗಿಸುತ್ತದೆ. ದಬ್ಬಳದಿಂದ ಚುಚ್ಚಿದಾಗ ತೂತಿನ ಗೋಡೆಯ ಮೂಳೆ ಅಮುಕಿಕೊಂಡು ಮಜ್ಜೆಯ ದಾರಿಯನ್ನೇ ಮುಚ್ಚಬಹುದೆಂದೂ ಪ್ರಾಣಿಗಳ ಅಧ್ಯಯನಗಳಲ್ಲಿ ಕಂಡಿತು. ಆದ್ದರಿಂದ ಈಗ ಹಲವು ವೈದ್ಯರು ತೆಳು ಡ್ರಿಲ್ಲಿನಿಂದ ಇನ್ನೂ ಆಳಕ್ಕೆ ಕೊರೆಯುತ್ತಾರೆ. ಹೆಪ್ಪು ಕದಲದಂತೆ ಮೇಲೆ ಕೊಲಾಜೆನ್ ಪೊರೆ ಅಂಟಿಸುವ ಪದ್ಧತಿಯೂ ಬಂದಿದೆ.

ಎಲ್ಲವನ್ನೂ ತೂಗಿ ನೋಡಿದರೆ ಮೈಕ್ರೋಫ್ರಾಕ್ಚರ್ ಒಪ್ಪುವುದು ಸಣ್ಣದೊಂದು ಗುಂಪಿಗೆ. ವಯಸ್ಸು ನಲವತ್ತರೊಳಗೆ, ಗುಂಡಿ ಎರಡು ಚದರ ಸೆಂಟಿಮೀಟರಿನ ಆಸುಪಾಸು, ಸುತ್ತಲ ಮೃದ್ವಸ್ಥಿ ಗಟ್ಟಿ, ಕಾಲು ನೇರ, ಮೈತೂಕ ಹದವಾಗಿ ಇರಬೇಕು. ಐವತ್ತೈದರ ಹೊತ್ತಿಗೆ ಇಡೀ ಮಂಡಿ ಸವೆದು, ಎಕ್ಸ್‌ರೇಯಲ್ಲಿ ಮೂಳೆಗಳ ನಡುವಿನ ಅಂತರ ಕಿರಿದಾಗಿರುವವರಿಗೆ ಇದು ಚಿಕಿತ್ಸೆಯಲ್ಲ. ಅಲ್ಲಿ ಹೆಪ್ಪನ್ನು ಹಿಡಿದಿಡುವ ಗೋಡೆಯೇ ಇರುವುದಿಲ್ಲ. ತೂಕ ಇಳಿಸುವುದು, ತೊಡೆಯ ಸ್ನಾಯು ಬಲಪಡಿಸುವುದು, ಕೊನೆಗೆ ಬೇಕಾದರೆ ಕೀಲು ಬದಲಾವಣೆ, ಅವರ ದಾರಿ ಅದು.

ನಿಮಗೋ ಮನೆಯ ಹುಡುಗನಿಗೋ ಯಾರಾದರೂ ಈ ಶಸ್ತ್ರಚಿಕಿತ್ಸೆ ಸೂಚಿಸಿದರೆ, ಒಪ್ಪಿಗೆಯ ಹಾಳೆಗೆ ಸಹಿ ಮಾಡುವ ಮೊದಲು ನಾಲ್ಕು ಮಾತು ಕೇಳಿ. ಗುಂಡಿ ಎಷ್ಟು ದೊಡ್ಡದು, ಎಲ್ಲಿದೆ? ಉಳಿದ ಮೃದ್ವಸ್ಥಿ ಹೇಗಿದೆ? ಕಾಲಿನ ನೇರ ಮತ್ತು ರಜ್ಜುಗಳನ್ನು ನೋಡಿದ್ದೀರಾ? ಒಳಗೆ ಹೋದಾಗ ಗುಂಡಿ ಅಂದುಕೊಂಡದ್ದಕ್ಕಿಂತ ದೊಡ್ಡದಿದ್ದರೆ ಏನು ಮಾಡುತ್ತೀರಿ? ವೈದ್ಯರು ನಿಮ್ಮನ್ನು ಕೇಳದಿದ್ದರೂ ನೀವಾಗಿಯೇ ಹೇಳಬೇಕಾದ ಮಾತೊಂದಿದೆ. ಆರು ವಾರ ಊರುಗೋಲಿನ ಮೇಲೆ ಇರಲು ನಿಮ್ಮ ಮನೆಯಲ್ಲಿ, ಕೆಲಸದಲ್ಲಿ ಆಗುತ್ತದೆಯೋ ಇಲ್ಲವೋ ಎಂಬುದನ್ನು ಮುಚ್ಚಿಡದೆ ತಿಳಿಸಿ. ಆಗದಿದ್ದರೆ ಆಗುವ ಕಾಲದವರೆಗೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಿ.